ಸಭೆಗೆ ಮುಂಚೆಯೇ ಅರ್ಧ ಬರೆದಿಟ್ಟ ನಡವಳಿ

ರೈತ ಉತ್ಪಾದಕ ಕಂಪನಿಯ ಆಡಳಿತ ಮಂಡಳಿ ಸಭೆಯಲ್ಲಿ ಅತಿ ಹೆಚ್ಚು ಮಾತಾಡಬೇಕಾದವರು ಸಿಇಒ. ಜಮಾಖರ್ಚು ಓದುವವರು ಅವರೇ, ಕೊಟೇಶನ್ ಮುಂದಿಡುವವರು ಅವರೇ, ನಿರ್ದೇಶಕರು ಕೇಳಿದ್ದಕ್ಕೆಲ್ಲ ಉತ್ತರ ಕೊಡುವವರೂ ಅವರೇ. ಅದೇ ಹೊತ್ತಿನಲ್ಲಿ ಸಭೆಯ ನಡವಳಿ ಗುರುತು ಮಾಡಿಕೊಳ್ಳುವ ಕೆಲಸವೂ ಬಹಳ ಕಡೆ ಅವರದೇ. ಬಾಯಿ ಮಾತಾಡುತ್ತಿರುವಾಗ ಕೈ ಬರೆಯುವುದಿಲ್ಲ. ಹಾಗಾಗಿ ಡೈರಿಯಲ್ಲಿ ನಾಲ್ಕು ತುಂಡು ಪದ, ಎರಡು ಅಂಕಿ ಉಳಿಯುತ್ತವೆ. ಹತ್ತು ದಿನ ಕಳೆದು ನಡವಳಿ ಬರೆಯಲು ಕೂತಾಗ ಆ ಅಂಕಿ ಮುಂಗಡದ್ದೋ ಪೂರ್ತಿ ಬೆಲೆಯದೋ ಎಂದು ನೆನಪಾಗುವುದಿಲ್ಲ.

ಇದಕ್ಕೆ ಮದ್ದು ಬೇಗ ಬರೆಯುವ ಅಭ್ಯಾಸವಲ್ಲ, ಬರೆಯಬೇಕಾದದ್ದನ್ನೇ ಕಡಿಮೆ ಮಾಡಿಕೊಳ್ಳುವುದು. ಸಭೆಯ ನೋಟಿಸಿನ ಜೊತೆ ಹೋಗುವ ಕಾರ್ಯಸೂಚಿಯಿಂದಲೇ ನಡವಳಿಯ ಚೌಕಟ್ಟನ್ನು ಮೊದಲೇ ಟೈಪ್ ಮಾಡಿ, ಸಭೆಯಲ್ಲಿ ಮಾತ್ರ ಗೊತ್ತಾಗುವ ಸಂಗತಿಗಳಿಗೆ ಖಾಲಿ ಜಾಗ ಬಿಟ್ಟುಕೊಂಡರೆ ಸಭೆಯಲ್ಲಿ ವಾಕ್ಯ ಕಟ್ಟುವ ಕೆಲಸವೇ ಇರುವುದಿಲ್ಲ. ಹೆಸರು, ಅಂಕಿ, ತಾರೀಕು, ಕಾರಣ ಇವಿಷ್ಟನ್ನು ತುಂಬಿದರೆ ಸಾಕು. ಕೇಳಲು ಸಣ್ಣ ಉಪಾಯ. ಆದರೆ ಯಾವುದನ್ನು ಮೊದಲೇ ಬರೆಯಬೇಕು, ಯಾವುದನ್ನು ಬರೆಯಲೇಬಾರದು ಎಂಬ ಗೆರೆ ಸ್ಪಷ್ಟವಾಗಿರದಿದ್ದರೆ ಇದೇ ಉಪಾಯ ಸುಳ್ಳು ದಾಖಲೆ ಹುಟ್ಟಿಸುತ್ತದೆ. ಎರಡನ್ನೂ ಒಂದು ಉದಾಹರಣೆ ಹಿಡಿದು ನೋಡೋಣ.

ಕಾನೂನು ಏನು ಕೇಳುತ್ತದೆ

ಉತ್ಪಾದಕ ಕಂಪನಿಗಳು ಸಹಕಾರ ಸಂಘದಂತೆ ನಡೆದರೂ ನೋಂದಣಿಯಾಗುವುದು ಕಂಪನಿ ಕಾಯ್ದೆಯಡಿ. 2013ರ ಕಾಯ್ದೆಗೆ 2020ರ ತಿದ್ದುಪಡಿ ಸೇರಿಸಿದ ಅಧ್ಯಾಯವೊಂದು ಇವಕ್ಕೆಂದೇ ಇದೆ. ಅದರ ಪ್ರಕಾರ ಆಡಳಿತ ಮಂಡಳಿ ಮೂರು ತಿಂಗಳಿಗೊಮ್ಮೆಯಾದರೂ ಸೇರಬೇಕು, ವರ್ಷಕ್ಕೆ ನಾಲ್ಕು ಸಭೆಗಿಂತ ಕಡಿಮೆಯಾಗಬಾರದು. ನೋಟಿಸು ಕನಿಷ್ಠ 7 ದಿನ ಮುಂಚೆ ಹೋಗಬೇಕು. ಒಟ್ಟು ನಿರ್ದೇಶಕರಲ್ಲಿ ಮೂರನೇ ಒಂದು ಭಾಗ, ಆದರೆ ಮೂವರಿಗೆ ಕಡಿಮೆಯಿಲ್ಲದಂತೆ, ಹಾಜರಿದ್ದರೆ ಕೋರಂ. ನಡವಳಿ ಪುಸ್ತಕದಲ್ಲಿ ಬರಹ ಸೇರಲು ಸಭೆ ಮುಗಿದ ದಿನದಿಂದ 30 ದಿನ ಅವಕಾಶ. ಕಂಪನಿ ಸಭೆಗಳಿಗೆ ಅನ್ವಯಿಸುವ ಕಾರ್ಯದರ್ಶಿ ಮಾನದಂಡ ಇನ್ನೂ ಬಿಗಿ. ಕರಡು ನಡವಳಿ 15 ದಿನದೊಳಗೆ ಎಲ್ಲ ನಿರ್ದೇಶಕರ ಕೈ ಸೇರಬೇಕು, ಅವರು 7 ದಿನದೊಳಗೆ ತಮ್ಮ ಅಭಿಪ್ರಾಯ ತಿಳಿಸಬಹುದು.

ಚೌಕಟ್ಟು ಕಟ್ಟುವವರಿಗೆ ಅದೇ ಮಾನದಂಡದ ಇನ್ನೊಂದು ಮಾತು ನೇರವಾಗಿ ಉಪಯೋಗಕ್ಕೆ ಬರುತ್ತದೆ. ನಡವಳಿಯನ್ನು ಪ್ರಥಮ ಪುರುಷದಲ್ಲಿ, ಭೂತಕಾಲದಲ್ಲಿ ಬರೆಯಬೇಕು, ಠರಾವನ್ನು ಮಾತ್ರ ವರ್ತಮಾನಕಾಲದಲ್ಲಿ. ಎಂದರೆ ಚರ್ಚೆಯ ಭಾಗ 'ಸಿಇಒ ಅವರು ವಿವರಿಸಿದರು' ಎಂದೂ, ಠರಾವು 'ಈ ಸಭೆಯು ಒಪ್ಪಿಗೆ ನೀಡುತ್ತದೆ' ಎಂದೂ ಇರಬೇಕು. ಸಭೆಯ ಗಡಿಬಿಡಿಯಲ್ಲಿ ಇವೆರಡೂ ಕಲಸಿಹೋಗುತ್ತವೆ. ಕ್ರಿಯಾಪದಗಳನ್ನು ಮೊದಲೇ ಕೂರಿಸಿಬಿಟ್ಟರೆ ಆ ತೊಂದರೆ ಹುಟ್ಟುವುದೇ ಇಲ್ಲ.

ಮೊದಲು ಕಾರ್ಯಸೂಚಿಯನ್ನು ನೆಟ್ಟಗೆ ಮಾಡಿ

ಕಲಬುರಗಿ ಸೀಮೆಯ ಒಂದು ತೊಗರಿ ಬೆಳೆಗಾರರ ಕಂಪನಿ ಎಂದಿಟ್ಟುಕೊಳ್ಳಿ. 12 ನಿರ್ದೇಶಕರಿದ್ದಾರೆ. ಸೆಪ್ಟೆಂಬರಿನಲ್ಲಿ ಸಭೆ. ಕಾರ್ಯಸೂಚಿಯಲ್ಲಿ ಹಿಂದಿನ ನಡವಳಿ, ಹಿಂದಿನ ನಿರ್ಣಯಗಳ ಪಾಲನಾ ವರದಿ, ಜುಲೈ-ಆಗಸ್ಟ್ ಜಮಾಖರ್ಚು, ಹಿಂಗಾರಿಗೆ ಕಡಲೆ ಬಿತ್ತನೆ ಬೀಜ, ಧಾನ್ಯ ಶುದ್ಧೀಕರಣ ಯಂತ್ರ, ಹೊಸ ಷೇರುದಾರರ ಅರ್ಜಿಗಳು, ಕೊನೆಗೆ ಅಧ್ಯಕ್ಷರ ಅಪ್ಪಣೆಯ ಮೇರೆಗೆ ಇತರ ವಿಷಯಗಳು. ಇದರಲ್ಲಿ 5ನೇ ವಿಷಯವನ್ನು 'ಶುದ್ಧೀಕರಣ ಯಂತ್ರದ ಬಗ್ಗೆ ಚರ್ಚಿಸುವುದು' ಎಂದು ಬರೆದಿದ್ದರೆ ಅದಕ್ಕೆ ಚೌಕಟ್ಟು ಕಟ್ಟಲು ಬರುವುದಿಲ್ಲ. ಏಕೆಂದರೆ ಸಭೆ ಏನು ಮಾಡಬೇಕು ಎಂಬುದೇ ಅಲ್ಲಿಲ್ಲ. ಅದನ್ನೇ 'ಬಂದಿರುವ ಮೂರು ಕೊಟೇಶನ್ ಪರಿಶೀಲಿಸಿ, ಯಂತ್ರ ಖರೀದಿಸಬೇಕೇ, ಹೌದಾದರೆ ಯಾರಿಂದ, ಯಾವ ಬೆಲೆಗೆ ಎಂದು ತೀರ್ಮಾನಿಸುವುದು' ಎಂದು ಬರೆದರೆ ಠರಾವಿನ ಆಕಾರ ತಾನಾಗಿ ಕಾಣುತ್ತದೆ. ಬೇಕೇ, ಯಾರಿಂದ, ಎಷ್ಟಕ್ಕೆ ಎಂಬ ಮೂರು ಪ್ರಶ್ನೆಗಳೇ ಮೂರು ಖಾಲಿ ಜಾಗ.

ಆದ್ದರಿಂದ ಚೌಕಟ್ಟನ್ನು ಸಭೆಯ ಹಿಂದಿನ ರಾತ್ರಿಯಲ್ಲ, ನೋಟಿಸು ಕಳಿಸುವ ಮುಂಚೆಯೇ ಶುರು ಮಾಡಬೇಕು. ಒಂದು ವಿಷಯಕ್ಕೆ ಠರಾವಿನ ಖಾಲಿ ವಾಕ್ಯ ಬರೆಯಲು ಆಗುತ್ತಿಲ್ಲವೆಂದರೆ ಆ ವಿಷಯ ಇನ್ನೂ ಸಭೆಗೆ ತಯಾರಾಗಿಲ್ಲ ಎಂದು ಅರ್ಥ. ಯಾವುದೋ ಕೊಟೇಶನ್ ಬಂದಿಲ್ಲ, ಯಾರದೋ ವರದಿ ಬಾಕಿ ಇದೆ. ಅದು ಆಗಲೇ ಗೊತ್ತಾದರೆ ಸರಿಪಡಿಸಲು ಒಂದು ವಾರ ಸಿಗುತ್ತದೆ.

ಎಲ್ಲ ವಿಷಯಕ್ಕೂ ಒಂದೇ ಬಗೆಯ ಚೌಕಟ್ಟು ಹೊಂದುವುದಿಲ್ಲ. ಜಮಾಖರ್ಚಿನಂಥ ಮಾಹಿತಿ ವಿಷಯಕ್ಕೆ ಅಂಕಿಗಳನ್ನೆಲ್ಲ ಮೊದಲೇ ತುಂಬಿ, ನಿರ್ದೇಶಕರು ಕೇಳಿದ ಪ್ರಶ್ನೆಗೂ ಕೊಟ್ಟ ಉತ್ತರಕ್ಕೂ ಎರಡು ಗೆರೆ ಬಿಟ್ಟರೆ ಮುಗಿಯಿತು. ಷೇರುದಾರರ ಅರ್ಜಿಗಳಂಥದ್ದಕ್ಕೆ ಅರ್ಜಿದಾರರ ಪಟ್ಟಿ ಸಿದ್ಧವಾಗಿದ್ದು, ಪ್ರತಿ ಹೆಸರಿನ ಮುಂದೆ ಒಪ್ಪಿಗೆ, ತಿರಸ್ಕಾರ, ಮುಂದೂಡಿಕೆ ಎಂಬ ಮೂರು ಮನೆ ಇದ್ದರೆ ಟಿಕ್ ಹಾಕುತ್ತ ಹೋಗಬಹುದು. ಕೈ ನಿಜಕ್ಕೂ ಸೋಲುವುದು ಖರೀದಿಯಂಥ ತೀರ್ಮಾನದ ವಿಷಯದಲ್ಲಿ. ಅಲ್ಲಿ ಬೆಲೆ, ಷರತ್ತು, ಭಿನ್ನಮತ ಎಲ್ಲವೂ ಐದೇ ನಿಮಿಷದಲ್ಲಿ ಒಟ್ಟಿಗೆ ಬಂದು ಬೀಳುತ್ತವೆ.

ಒಂದು ವಿಷಯದ ಚೌಕಟ್ಟು

ಯಂತ್ರದ ವಿಷಯಕ್ಕೆ ಸಿಇಒ ಸಿದ್ಧ ಮಾಡಿಕೊಂಡ ಪುಟ ಹೀಗಿರಬಹುದು. ಎರಡು ಹ್ಯಾಷ್ ಗುರುತು `##` ಇರುವ ಕಡೆಯೆಲ್ಲ ಸಭೆಯಲ್ಲಿ ತುಂಬಬೇಕು.

ವಿಷಯ 5: ಧಾನ್ಯ ಶುದ್ಧೀಕರಣ ಯಂತ್ರ ಖರೀದಿ
ಆರಂಭವಾದ ಸಮಯ: `##`
ಸಿಇಒ ಅವರು ಮೂರು ಕೊಟೇಶನ್‌ಗಳನ್ನು ಸಭೆಯ ಮುಂದಿಟ್ಟರು: ಅ) ರೂ. 4,60,000, ಆ) ರೂ. 4,85,000; ಇ) ರೂ. 5,10,000. ಮೂರೂ ತೆರಿಗೆ ಸೇರಿದ ಬೆಲೆ.
ಸರಬರಾಜುದಾರರೊಂದಿಗೆ ಸಂಬಂಧ ಅಥವಾ ಹಿತಾಸಕ್ತಿ ತಿಳಿಸಿದವರು: `##`
ಚರ್ಚೆಯ ಮುಖ್ಯ ಅಂಶಗಳು: `##`
ತೀರ್ಮಾನ: ಖರೀದಿ / ತಿರಸ್ಕಾರ / ಮುಂದೂಡಿಕೆ `##`
ಠರಾವು: `##` ಅವರಿಂದ ರೂ. `##` ಮೀರದಂತೆ ಯಂತ್ರ ಖರೀದಿಸಲು ಈ ಸಭೆಯು ಒಪ್ಪಿಗೆ ನೀಡುತ್ತದೆ. ಷರತ್ತುಗಳು: `##`
ಕನಿಷ್ಠ ಬೆಲೆಯದನ್ನು ಬಿಟ್ಟಿದ್ದರೆ ಕಾರಣ: `##`
ಪರ: `##` ವಿರೋಧ: `##` ತಟಸ್ಥ: `##`
ಹೊಣೆ: `##` ಗಡುವು: `##`

ಸೂಚಕರು, ಅನುಮೋದಕರ ಹೆಸರು ಬರೆಯುವುದು ನಮ್ಮ ಸಂಘ-ಸಂಸ್ಥೆಗಳಲ್ಲಿ ಬೇರೂರಿದ ರೂಢಿ. ನಿಮ್ಮ ಕಂಪನಿಯಲ್ಲೂ ಅದು ನಡೆದುಬಂದಿದ್ದರೆ ಅದಕ್ಕೂ ಎರಡು ಜಾಗ ಬಿಡಿ.

ಇಲ್ಲಿ ಸಭೆಗೆ ಮುಂಚೆ ಬರೆದಿರುವುದೆಲ್ಲ ಕಾಗದದ ಮೇಲೆ ಆಗಲೇ ಇದ್ದ ಸತ್ಯ, ಇಲ್ಲವೇ ಪ್ರತಿ ಸಭೆಯಲ್ಲೂ ಬರುವ ಮಾಮೂಲು ವಾಕ್ಯ. ಯಾರು ಏನು ಹೇಳುತ್ತಾರೆ, ಯಾರು ಒಪ್ಪುತ್ತಾರೆ ಎಂಬುದರ ಬಗ್ಗೆ ಒಂದು ಅಕ್ಷರವೂ ಇಲ್ಲ. ತೀರ್ಮಾನಕ್ಕೆ ಮೂರು ದಾರಿಗಳನ್ನೂ ಅಕ್ಕಪಕ್ಕ ಇಟ್ಟಿರುವುದಕ್ಕೆ ಕಾರಣವಿದೆ. ಒಪ್ಪಿಗೆಯ ವಾಕ್ಯ ಒಂದೇ ಕಣ್ಣ ಮುಂದಿದ್ದರೆ ಬರೆಯುವವರಿಗೂ ಅಧ್ಯಕ್ಷರಿಗೂ ಅದೇ ಸಹಜವೆನಿಸಿಬಿಡುತ್ತದೆ.

ಹಿತಾಸಕ್ತಿಯ ಗೆರೆಯನ್ನು ಖರೀದಿಯ ಪ್ರತಿ ವಿಷಯದಲ್ಲೂ ಇಡಬೇಕು. ಹಳ್ಳಿಯ ಕಂಪನಿಯಲ್ಲಿ ನಿರ್ದೇಶಕರಿಗೂ ಅಂಗಡಿಯವರಿಗೂ ನೆಂಟಸ್ತಿಕೆ ಇರುವುದು ಅಪರೂಪವಲ್ಲ. ಅದನ್ನು ಸಭೆಗೆ ತಿಳಿಸುವುದು, ತಿಳಿಸಿದ್ದು ನಡವಳಿಯಲ್ಲಿ ಬರುವುದು ಮುಖ್ಯ. ಅಚ್ಚಾದ ಗೆರೆ ಇದ್ದರೆ ಅಧ್ಯಕ್ಷರು ಓದಿ ಕೇಳಲೇಬೇಕಾಗುತ್ತದೆ, ಯಾರ ಮೇಲೂ ಬೊಟ್ಟು ಮಾಡಿದಂತಾಗುವುದಿಲ್ಲ. ಕನಿಷ್ಠ ಬೆಲೆ ಬಿಟ್ಟಿದ್ದರೆ ಕಾರಣ ಎಂಬ ಗೆರೆಯೂ ಅಂಥದ್ದೇ. ಖರೀದಿಯ ಕಡತ ತೆರೆದ ಲೆಕ್ಕ ಪರಿಶೋಧಕರು ಮೊದಲು ಕೇಳುವ ಪ್ರಶ್ನೆ ಅದು. ಅದರ ಉತ್ತರ ಸಭೆಯಲ್ಲಿ ಬಾಯಿಮಾತಿನಲ್ಲಿ ಬಂದಿರುತ್ತದೆ, ಕಾಗದದ ಮೇಲೆ ಮಾತ್ರ ಇರುವುದಿಲ್ಲ.

ಹಾಜರಿ ಪಟ್ಟಿಯಿಂದ ಸಿಗುವ ವೇಗ

ಚೌಕಟ್ಟಿನ ಮೊದಲ ಪುಟದಲ್ಲಿ ಎಲ್ಲ 12 ನಿರ್ದೇಶಕರ ಹೆಸರನ್ನು ಕ್ರಮಸಂಖ್ಯೆಯೊಂದಿಗೆ ಬರೆದು, ಪ್ರತಿಯೊಬ್ಬರ ಮುಂದೆ ಬಂದ ಸಮಯ, ಹೋದ ಸಮಯ, ಸಹಿ ಎಂಬ ಮೂರು ಕಾಲಂ ಬಿಡಿ. ಮೇಲ್ಭಾಗದಲ್ಲೇ 'ಕೋರಂ: 12ರಲ್ಲಿ 4' ಎಂದು ಅಚ್ಚಾಗಿರಲಿ. ಸಭೆ ಶುರುವಾದಾಗ ಕೋರಂ ಇದ್ದರೆ ಸಾಲದು, ಸಭೆಯುದ್ದಕ್ಕೂ ಇರಬೇಕು ಎನ್ನುತ್ತದೆ ಮಾನದಂಡ. ಮಧ್ಯಾಹ್ನದ ಬಸ್ಸಿಗೆ ಇಬ್ಬರು ಎದ್ದುಹೋದಾಗ ಉಳಿದವರೆಷ್ಟು ಎಂದು ಲೆಕ್ಕ ಹಾಕಲು ಸಮಯದ ಕಾಲಂ ಬೇಕು. ಯಾವ ವಿಷಯದ ತೀರ್ಮಾನದಲ್ಲಿ ಯಾರಿದ್ದರು ಎಂದು ಮುಂದೆ ಪ್ರಶ್ನೆ ಎದ್ದರೂ ಈ ಕಾಲಮ್ಮನ್ನು ಪ್ರತಿ ವಿಷಯದ ಆರಂಭದ ಸಮಯದೊಂದಿಗೆ ಹೋಲಿಸಿದರೆ ಉತ್ತರ ಸಿಗುತ್ತದೆ.

ಕ್ರಮಸಂಖ್ಯೆಯ ಲಾಭ ಬರೆಯುವ ಹೊತ್ತಿಗೆ ಗೊತ್ತಾಗುತ್ತದೆ. ಕನ್ನಡದಲ್ಲಿ ಹೆಸರು, ತಂದೆಯ ಹೆಸರು, ಅಡ್ಡಹೆಸರು ಎಲ್ಲ ಸೇರಿಸಿ ಟೈಪ್ ಮಾಡುವಷ್ಟರಲ್ಲಿ ಮುಂದಿನವರ ಮಾತು ಮುಗಿದಿರುತ್ತದೆ. ಅದರ ಬದಲು 'ನಿ4' ಎಂದಷ್ಟೇ ಬರೆದು, ಸಂಜೆ ಕರಡು ಮಾಡುವಾಗ ಪೂರ್ತಿ ಹೆಸರು ಹಾಕಿದರಾಯಿತು. ಕಂಪ್ಯೂಟರಿನಲ್ಲಿ ಹುಡುಕಿ ಬದಲಾಯಿಸುವಾಗ ದೊಡ್ಡ ಸಂಖ್ಯೆಯಿಂದ ಶುರು ಮಾಡಿ. 'ನಿ1' ಅನ್ನು ಮೊದಲು ಬದಲಾಯಿಸಿದರೆ 'ನಿ12' ಕೂಡ ಕೆಡುತ್ತದೆ. ನಿರ್ದೇಶಕರಿಗೆ 01, 02 ಎಂದು ಎರಡಂಕಿಯ ಸಂಖ್ಯೆ ಕೊಟ್ಟರೆ ಈ ತಾಪತ್ರಯವೂ ಇಲ್ಲ. ಚೌಕಟ್ಟನ್ನು ಯೂನಿಕೋಡಿನಲ್ಲೇ ಟೈಪ್ ಮಾಡಿ. ಹಳೆಯ ಫಾಂಟಿನಲ್ಲಿ ಮಾಡಿದ ಕಡತ ಇನ್ನೊಬ್ಬರ ಫೋನಿನಲ್ಲಿ ತೆರೆದಾಗ ಬರೀ ಚಿಹ್ನೆಗಳಾಗಿ ಕಾಣುತ್ತದೆ.

ಲ್ಯಾಪ್‌ಟಾಪ್ ಇಲ್ಲದ ಕಡೆ ಇದೇ ಚೌಕಟ್ಟನ್ನು ಮುದ್ರಿಸಿಕೊಂಡು ಪೆನ್ನಿನಲ್ಲಿ ತುಂಬಬಹುದು. ಒಂದು ವಿಷಯಕ್ಕೆ ಒಂದು ಹಾಳೆ ಎಂದಿಟ್ಟುಕೊಳ್ಳಿ, ಚರ್ಚೆಯ ಅಂಶಗಳಿಗೆ ಅರ್ಧ ಪುಟ ಬಿಡಿ. ಅಧ್ಯಕ್ಷರು 6ನೇ ವಿಷಯವನ್ನು ಮೊದಲು ಎತ್ತಿಕೊಂಡರೂ ಆ ಹಾಳೆಯನ್ನು ಮುಂದೆ ತಂದುಕೊಂಡರೆ ಸಾಕು. ವಿಷಯದ ಸಂಖ್ಯೆಯನ್ನು ಮಾತ್ರ ಬದಲಾಯಿಸಬೇಡಿ. ನೋಟಿಸಿನಲ್ಲಿ ಹೋದ ಸಂಖ್ಯೆಯೇ ನಡವಳಿಯಲ್ಲೂ ಇದ್ದರೆ ಎರಡನ್ನೂ ತಾಳೆ ನೋಡುವವರಿಗೆ ಗೊಂದಲವಿರುವುದಿಲ್ಲ.

ಸಭೆಯಲ್ಲಿ ತುಂಬಿದ್ದು

ಯಂತ್ರದ ವಿಷಯ ಬಂದಾಗ 10 ಜನ ಹಾಜರಿದ್ದಾರೆ. ಅಧ್ಯಕ್ಷರು ಹಿತಾಸಕ್ತಿಯ ಪ್ರಶ್ನೆ ಓದುತ್ತಾರೆ. 'ಅ' ಅಂಗಡಿ ತಮ್ಮ ಭಾವನದು ಎಂದು 7ನೇ ನಿರ್ದೇಶಕರು ತಿಳಿಸುತ್ತಾರೆ, ಮತ ಹಾಕುವುದಿಲ್ಲ ಎಂದೂ ಹೇಳುತ್ತಾರೆ. ಅವರದೇ ಕನಿಷ್ಠ ಬೆಲೆ. ಆದರೆ ಅವರ ಯಂತ್ರ ಕೆಟ್ಟರೆ ರಿಪೇರಿಯವರು ಹೊರರಾಜ್ಯದಿಂದ ಬರಬೇಕು. ಡಿಸೆಂಬರ್-ಜನವರಿಯ ತೊಗರಿ ಸುಗ್ಗಿಯಲ್ಲಿ ಎರಡು ದಿನ ಯಂತ್ರ ನಿಂತರೂ ರೈತರ ಗಾಡಿಗಳು ಸಾಲುಗಟ್ಟುತ್ತವೆ ಎಂದು ಇಬ್ಬರು ಹೇಳುತ್ತಾರೆ. 'ಆ' ಅವರ ರಿಪೇರಿ ಕೇಂದ್ರ ಕಲಬುರಗಿಯಲ್ಲೇ ಇದೆ. ಕೊಳ್ಳುವುದಕ್ಕಿಂತ ಒಂದು ಸುಗ್ಗಿ ಬಾಡಿಗೆಗೆ ತಂದು ನೋಡಬೇಕು ಎಂದು 4ನೇ ನಿರ್ದೇಶಕರು ವಾದಿಸುತ್ತಾರೆ. ಕೊನೆಗೆ 'ಆ' ಅವರಿಂದ ಚೌಕಾಸಿ ಮಾಡಿ 4,75,000 ಮೀರದಂತೆ ಕೊಳ್ಳಬೇಕೆಂದು ಹೆಚ್ಚಿನವರು ಒಪ್ಪುತ್ತಾರೆ.

ಇಷ್ಟೂ ಮಾತಿಗೆ ಸಿಇಒ ಬರೆಯಬೇಕಾದದ್ದು ಇಷ್ಟೇ. ಹಿತಾಸಕ್ತಿಯ ಮುಂದೆ 'ನಿ07, ಅ, ಭಾವ'. ಚರ್ಚೆಯ ಮುಂದೆ 'ಸುಗ್ಗಿಯಲ್ಲಿ ರಿಪೇರಿ ತಡ. ನಿ04: ಒಂದು ಸುಗ್ಗಿ ಬಾಡಿಗೆ'. ತೀರ್ಮಾನದಲ್ಲಿ 'ಖರೀದಿ'. ಠರಾವಿನಲ್ಲಿ 'ಆ' ಮತ್ತು '4,75,000'. ಷರತ್ತಿನಲ್ಲಿ 'ಮುಂಗಡ 30%, ಉಳಿದದ್ದು ಕೂರಿಸಿ ಓಡಿಸಿ ನೋಡಿದ ಮೇಲೆ'. ಕಾರಣದಲ್ಲಿ 'ಅ ರಿಪೇರಿ ಹೊರರಾಜ್ಯ'. ಪರ 8, ವಿರೋಧ ನಿ04, ತಟಸ್ಥ ನಿ07. ಹೊಣೆ ಸಿಇಒ, ಗಡುವು 'ನವೆಂಬರ್ 30'. ಮುಂದಿನದು ಬರಹವಲ್ಲ, ಓದು. ಮುಂದಿನ ವಿಷಯಕ್ಕೆ ಹೋಗುವ ಮುಂಚೆ ಸಿಇಒ ಕೈಯೆತ್ತಿ, 'ಅಧ್ಯಕ್ಷರ, ಬರ್ದಿದ್ದು ಒಮ್ಮೆ ಓದ್ತೀನ್ರಿ, ತಪ್ಪಿದ್ರ ಈಗs ಹೇಳ್ರಿ' ಎಂದು ಠರಾವು, ಷರತ್ತು, ಮತಗಳ ಲೆಕ್ಕ ಓದಿ ಹೇಳಬೇಕು. ಅರ್ಧ ನಿಮಿಷವೂ ಹಿಡಿಯುವುದಿಲ್ಲ.

ಚೌಕಟ್ಟಿನಿಂದ ಸಿಗುವ ಅತಿ ದೊಡ್ಡ ಲಾಭ ಈ ಓದು ಎಂದು ನಾನು ನಂಬುತ್ತೇನೆ. ಡೈರಿಯ ತುಂಡು ಪದಗಳನ್ನು ಯಾರೂ ಸಭೆಗೆ ಓದಿ ತೋರಿಸಲಾರರು. ಜಾಗ ತುಂಬಿದ ವಾಕ್ಯವನ್ನು ಆ ಕ್ಷಣದಲ್ಲೇ ಓದಬಹುದು. 'ಮುಂಗಡ ಮೂವತ್ತಲ್ಲ, ಇಪ್ಪತ್ತೈದು ಅಂದಿದ್ವಿ' ಎಂಬ ತಿದ್ದುಪಡಿ ಎಲ್ಲರ ನೆನಪು ಹಸಿಯಾಗಿರುವಾಗಲೇ ಬರುತ್ತದೆ. ಅದೇ ತಿದ್ದುಪಡಿ ಮೂರು ತಿಂಗಳ ನಂತರದ ಸಭೆಯಲ್ಲಿ ಬಂದರೆ ಜಗಳವಾಗುತ್ತದೆ.

ಎಲ್ಲಿ ಕೆಡುತ್ತದೆ

ಈ ವಿಧಾನವನ್ನು ಕೆಡಿಸುವ ಮೊದಲ ದಾರಿ ಹಿಂದಿನ ಸಭೆಯ ನಡವಳಿಯನ್ನೇ ನಕಲು ಮಾಡಿ ತಿದ್ದುವುದು. ಹಾಗೆ ಮಾಡಿದಾಗ ಹಿಂದಿನ ತಾರೀಕು, ಆ ದಿನ ಬಂದಿದ್ದವರ ಹೆಸರು, ಹಿಂದಿನ ಸಲದ 'ಸರ್ವಾನುಮತದಿಂದ' ಎಂಬ ಪದ ಎಲ್ಲೋ ಒಂದು ಮೂಲೆಯಲ್ಲಿ ಉಳಿದುಬಿಡುತ್ತವೆ. ತುಂಬಿದ ಕಡತವನ್ನು ಚೌಕಟ್ಟಾಗಿ ಎಂದೂ ಬಳಸಬಾರದು. ಎಲ್ಲ ಜಾಗದಲ್ಲೂ `##` ಇರುವ ಒಂದು ಖಾಲಿ ಮೂಲಪ್ರತಿಯನ್ನು ಬೇರೆಯೇ ಇಟ್ಟು, ಪ್ರತಿ ಸಲ ಅದರಿಂದಲೇ ಶುರು ಮಾಡಬೇಕು. ಸಭೆ ಮುಗಿದ ಮೇಲೆ ಕಡತದಲ್ಲಿ `Ctrl+F` ಒತ್ತಿ `##` ಹುಡುಕಿ. ಒಂದೂ ಸಿಗದಿದ್ದರೆ ಎಲ್ಲ ಜಾಗ ತುಂಬಿದೆ ಎಂದಾಯಿತು. ಯಾರೂ ವಿರೋಧಿಸದಿದ್ದರೆ ಜಾಗ ಖಾಲಿ ಬಿಡದೆ 'ಯಾರೂ ಇಲ್ಲ' ಎಂದು ಬರೆಯಿರಿ. ಕೇಳಲು ಮರೆತದ್ದಕ್ಕೂ ಕೇಳಿದ ಮೇಲೆ ಇಲ್ಲವೆಂದದ್ದಕ್ಕೂ ಇರುವ ವ್ಯತ್ಯಾಸ ಆಗ ಮಾತ್ರ ಕಾಗದದಲ್ಲಿ ಉಳಿಯುತ್ತದೆ.

ಎರಡನೆಯದು ಇನ್ನೂ ಅಪಾಯ. ಕೆಲವು ಕಡೆ ಠರಾವು ಪೂರ್ತಿಯಾಗಿ, ಬೆಲೆ ಮತ್ತು ಅಂಗಡಿಯ ಹೆಸರಿನ ಸಮೇತ, ಸಭೆಗೆ ಮುಂಚೆಯೇ ಟೈಪಾಗಿರುತ್ತದೆ. ನಿರ್ದೇಶಕರು ಚಹಾ ಕುಡಿದು ಸಹಿ ಹಾಕಿ ಹೊರಡುತ್ತಾರೆ. ಇಂಥ ನಡವಳಿಯನ್ನು ಗುರುತಿಸುವುದು ಕಷ್ಟವಲ್ಲ. ವರ್ಷದ ನಾಲ್ಕೂ ಸಭೆಗಳ ನಡವಳಿ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತಿರುತ್ತದೆ, ಪ್ರತಿ ತೀರ್ಮಾನವೂ ಸರ್ವಾನುಮತ, ಯಾವ ವಿಷಯವೂ ಮುಂದೂಡಿಕೆಯಾಗಿಲ್ಲ, ಕಾರ್ಯಸೂಚಿಯಲ್ಲಿದ್ದ ಬೆಲೆ ಒಂದು ರೂಪಾಯಿಯೂ ಕದಲಿಲ್ಲ. ಸದಸ್ಯರ ದುಡ್ಡು ನಡೆಸುವ ಕಂಪನಿಯಲ್ಲಿ ಇದು ಸಣ್ಣ ತಪ್ಪಲ್ಲ. ಪ್ರಸ್ತಾವದ ಕರಡನ್ನು ಮೊದಲೇ ಕಳಿಸುವುದು ಸರಿ, ಅದು ನಿರ್ದೇಶಕರು ಓದಿಕೊಂಡು ಬರಲೆಂದು. ಆದರೆ ಅದು ಕಾರ್ಯಸೂಚಿಯ ಟಿಪ್ಪಣಿಯಲ್ಲಿರಬೇಕು. ಮತ, ಬೆಲೆ, ಹೆಸರು, ಕಾರಣ ಈ ನಾಲ್ಕು ಜಾಗ ನಡವಳಿಯ ಚೌಕಟ್ಟಿನಲ್ಲಿ ಸಭೆ ಶುರುವಾಗುವ ತನಕ ಖಾಲಿಯೇ ಇರಬೇಕು.

ಮೂರನೆಯದು, ಕಾರ್ಯಸೂಚಿಯಲ್ಲಿ ಇಲ್ಲದ ವಿಷಯ ನಡುವೆ ಬರುವುದು. ಗೋದಾಮಿನ ಶೀಟು ಹಾರಿಹೋಗಿದೆ, ಮಳೆಗೆ ಮುಂಚೆ ಹೊದಿಸಬೇಕು ಎಂದು ಯಾರೋ ಎದ್ದು ಹೇಳುತ್ತಾರೆ. ಅಂಥದ್ದನ್ನು ಅಧ್ಯಕ್ಷರ ಅನುಮತಿ ಮತ್ತು ಹಾಜರಿದ್ದ ನಿರ್ದೇಶಕರಲ್ಲಿ ಬಹುಮತದ ಒಪ್ಪಿಗೆ ಎರಡೂ ಇದ್ದರೆ ಎತ್ತಿಕೊಳ್ಳಬಹುದು ಎನ್ನುತ್ತದೆ ಮಾನದಂಡ. ಇದಕ್ಕಾಗಿ ಚೌಕಟ್ಟಿನ ಕೊನೆಯಲ್ಲಿ ಎರಡು ಖಾಲಿ ವಿಷಯಪುಟ ಇಟ್ಟು, ಮೇಲೆ 'ಅಧ್ಯಕ್ಷರ ಅನುಮತಿ: `##`, ಒಪ್ಪಿದ ನಿರ್ದೇಶಕರು: `##`' ಎಂದು ಅಚ್ಚು ಮಾಡಿಕೊಳ್ಳಿ. ಇಲ್ಲದಿದ್ದರೆ ಅವಸರದಲ್ಲಿ ಬಂದ ವಿಷಯಕ್ಕೇ ದಾಖಲೆ ತೀರ ತೆಳ್ಳಗಾಗುತ್ತದೆ.

ಈ ವಿಧಾನಕ್ಕೆ ಮಿತಿಯೂ ಇದೆ. ಮುಂದಿನ ಐದು ವರ್ಷ ಕಂಪನಿ ಯಾವ ವ್ಯಾಪಾರಕ್ಕೆ ಇಳಿಯಬೇಕು ಎಂಬಂಥ ಬಿಚ್ಚು ಚರ್ಚೆಗೆ ಮನೆ ಕೊರೆದಿಟ್ಟರೆ ಜನ ಮನೆಯೊಳಗೇ ಮಾತಾಡಲು ನೋಡುತ್ತಾರೆ. ಅಂಥ ವಿಷಯಕ್ಕೆ ಖಾಲಿ ಪುಟವೇ ಒಳ್ಳೆಯದು. ಕೆಳಗಡೆ ಮಾತ್ರ 'ಮುಂದಿನ ಸಭೆಗೆ ಟಿಪ್ಪಣಿ ತರುವವರು: `##`' ಎಂದು ಒಂದು ಗೆರೆ ಸಾಕು.

ಆ ಸಂಜೆಯ ಕೆಲಸ

ತುಂಬಿದ ಚೌಕಟ್ಟು ನಡವಳಿಯಲ್ಲ, ಅದರ ಕರಡು. ಅದೇ ಸಂಜೆ ಸಂಖ್ಯೆಗಳ ಜಾಗದಲ್ಲಿ ಹೆಸರು ಹಾಕಿ, ಚರ್ಚೆಯ ತುಂಡುಗಳನ್ನು ಪೂರ್ತಿ ವಾಕ್ಯ ಮಾಡಿ, ಆರಿಸದೆ ಉಳಿದ ತೀರ್ಮಾನದ ಪದಗಳನ್ನು ಅಳಿಸಿದರೆ ಕರಡು ಮರುದಿನವೇ ನಿರ್ದೇಶಕರಿಗೆ ಹೋಗಬಹುದು. 15 ದಿನ ಕಾಯಬೇಕಿಲ್ಲ. ಅವರ ಅಭಿಪ್ರಾಯ ಬಂದ ಮೇಲೆ ಪುಟಸಂಖ್ಯೆ ಇರುವ ನಡವಳಿ ಪುಸ್ತಕಕ್ಕೆ ಸೇರಿಸಿ ಅಧ್ಯಕ್ಷರ ಸಹಿ ಪಡೆಯಬೇಕು. ಸಭೆಯಲ್ಲಿ ಪೆನ್ನಿನಿಂದ ತುಂಬಿದ ಹಾಳೆಗಳನ್ನು ಆ ಸಹಿ ಬೀಳುವ ತನಕ ಜೋಪಾನವಾಗಿಡಿ.

ಹೊಣೆ ಮತ್ತು ಗಡುವಿನ ಗೆರೆಗಳನ್ನು ಎಲ್ಲ ವಿಷಯಗಳಿಂದಲೂ ಎತ್ತಿ ಒಂದು ಪಟ್ಟಿ ಮಾಡಿ. ಯಂತ್ರ, ಸಿಇಒ, ನವೆಂಬರ್ 30; ಕಡಲೆ ಬೀಜದ ಮುಂಗಡ, ಲೆಕ್ಕಿಗರು, ಇಂಥ ದಿನ. ಡಿಸೆಂಬರ್ ಸಭೆಯ ಪಾಲನಾ ವರದಿಗೆ ಈ ಪಟ್ಟಿಯನ್ನು ಹಾಗೆಯೇ ತೆಗೆದುಕೊಂಡು, ಪ್ರತಿ ಸಾಲಿನ ಮುಂದೆ 'ಆಗಿದೆ / ಆಗಿಲ್ಲ, ಕಾರಣ `##`' ಎಂದು ಸೇರಿಸಿದರೆ ಮುಂದಿನ ಚೌಕಟ್ಟಿನ ಎರಡನೇ ವಿಷಯ ಆಗಲೇ ಸಿದ್ಧ. ಯಂತ್ರ ಬರಲಿಲ್ಲವಾದರೆ ಯಾಕೆ ಬರಲಿಲ್ಲ ಎಂಬ ಪ್ರಶ್ನೆ ಆ ಸಭೆಯಲ್ಲಿ ತಪ್ಪದೆ ಏಳುತ್ತದೆ.